ಎರಡು ಬ್ರ್ಯಾಂಡ್, ಒಂದು ಆಫರ್: ಕ್ಯಾಪ್ಷನ್‌ನಲ್ಲಿ ‘ನಮ್ಮ’ ಅಂದರೆ ಯಾರ?

ಚಿಕ್ಕಮಗಳೂರಿನ ಕಾಫಿ ಪುಡಿಯವರು ಒಬ್ಬರು, ಬೆಂಗಳೂರಿನಲ್ಲಿ ಮನೆಯಲ್ಲೇ ಕೋಡುಬಳೆ ಮಾಡಿ ಮಾರುವವರು ಇನ್ನೊಬ್ಬರು. ಇಬ್ಬರೂ ಸೇರಿ ಮಳೆಗಾಲಕ್ಕೊಂದು ಆಫರ್ ಹಾಕಿದ್ದರು. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಆಗಿ ಎರಡು ದಿನದ ಮೇಲೆ ಕ್ಯಾಪ್ಷನ್ ಬರೆದುಕೊಡುವ ನನಗೆ ಫೋನ್ ಬಂತು. ಅವರ ಕ್ಯಾಪ್ಷನ್ ಇಷ್ಟೇ: “ಮಳೆ, ಕಾಫಿ, ಕೋಡುಬಳೆ! ನಮ್ಮ ಎರಡೂ ಪ್ರಾಡಕ್ಟ್ ಮೇಲೆ 20% ಆಫ್. ಲಿಂಕ್ ನಮ್ಮ ಬಯೋದಲ್ಲಿ.” ಕೊನೆಯಲ್ಲಿ ಇಬ್ಬರ ಹ್ಯಾಂಡಲ್.

ಓದಲು ಚೆನ್ನಾಗಿಯೇ ಇದೆ. ಆದರೆ ಕಾಮೆಂಟ್‌ನಲ್ಲಿ ಒಬ್ಬರು ಕೇಳಿದ್ದರು: “ಅಕ್ಕಾ, ಕೋಡುಬಳೆ ಮಾತ್ರ ತಗೊಂಡ್ರೂ 20% ಇದ್ಯಾ?” ಕೋಡುಬಳೆಯವರು ಇಲ್ಲ ಅಂದರು, ಎರಡೂ ಸೇರಿಸಿ ತಗೊಂಡರೆ ಮಾತ್ರ ಅಂತ. ಅದೇ ಪ್ರಶ್ನೆಗೆ ಕಾಫಿಯವರು ಕೆಳಗೆ ಹೂಂ ಅಂದಿದ್ದರು. ಅವರ ಲೆಕ್ಕದಲ್ಲಿ ಯಾವುದನ್ನು ತಗೊಂಡರೂ ರಿಯಾಯಿತಿ ಇತ್ತು. ಅಷ್ಟರಲ್ಲಿ ಬರೀ ಕೋಡುಬಳೆಗೆ ಬಂದಿದ್ದ ಆರ್ಡರ್‌ಗಳಿಗೆಲ್ಲ ಕೋಡುಬಳೆಯವರು ಕೈಯಿಂದ ಹಾಕಿ 20% ಬಿಡಬೇಕಾಯಿತು. ತಪ್ಪು ಕ್ಯಾಪ್ಷನ್‌ನದು ಅನ್ನಿಸುತ್ತದೆ, ನಿಜಕ್ಕೂ ಅದು ಅವರಿಬ್ಬರ ನಡುವೆ ತೀರ್ಮಾನವೇ ಆಗದ ಡೀಲ್. ಜಂಟಿ ಆಫರ್‌ಗೆ ಬರೆಯುವಾಗ ನಾನು ಮೊದಲು ಇಬ್ಬರನ್ನೂ ಬೇರೆ ಬೇರೆ ಕೂರಿಸಿ “ಗ್ರಾಹಕರು ಏನು ಕೊಂಡರೆ ಎಷ್ಟು ಕೊಡಬೇಕು?” ಅಂತ ಕೇಳುತ್ತೇನೆ. ಎರಡು ಉತ್ತರ ಒಂದೇ ಆಗುವವರೆಗೆ ಒಂದು ಸಾಲೂ ಬರೆಯುವುದಿಲ್ಲ.

ಇವರಿಗೆ ನಾನು ಶೇಕಡಾ ಲೆಕ್ಕವನ್ನೇ ತೆಗೆಸಿದೆ. ಅರ್ಧ ಕೆಜಿ ಕಾಫಿ ಪುಡಿ ₹450, 400 ಗ್ರಾಂ ಕೋಡುಬಳೆ ₹250, ಒಟ್ಟು ₹700. ಕಾಂಬೊ ಬೆಲೆ ₹599 ಅಂತ ಗೊತ್ತು ಮಾಡಿದೆವು. ಕಡಿಮೆಯಾದ ₹101ನ್ನು ಅವರವರ ಬೆಲೆಯ ಪ್ರಮಾಣದಲ್ಲೇ ಹಂಚಿದೆವು: ಕಾಫಿಯವರು ₹65, ಕೋಡುಬಳೆಯವರು ₹36. ಇದು ಕ್ಯಾಪ್ಷನ್‌ನಲ್ಲಿ ಬರುವ ಮಾತಲ್ಲ, ಆದರೆ ಇದು ಆಗದಿದ್ದರೆ ಕಾಮೆಂಟ್‌ನಲ್ಲಿ ಇಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ರೂಪಾಯಿಯಲ್ಲಿ ಬರೆದ ಕಾಂಬೊ ಬೆಲೆಗೆ ಒಂದೇ ಅರ್ಥ. “ಎರಡರ ಮೇಲೂ 20%” ಅನ್ನುವುದಕ್ಕೆ ಕಡಿಮೆಯೆಂದರೆ ಮೂರು.

‘ಕೋಡುಬಳೆ ಉಚಿತ’ ಅಂತ ಹಾಕೋಣವೇ ಅಂತಲೂ ಕೇಳಿದರು. ಗ್ರಾಹಕರು ಕಾಫಿಯ ₹450ರ ಮೇಲೆ ₹149 ಕೊಡುತ್ತಿರುವಾಗ ಅದು ಉಚಿತ ಹೇಗಾಗುತ್ತದೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯ ಪ್ರಕಾರ, ತರಿಸಿಕೊಳ್ಳುವ ಖರ್ಚಿನಂಥ ತಪ್ಪಿಸಲಾಗದ ಖರ್ಚು ಬಿಟ್ಟು ಬೇರೆ ಹಣ ಕೊಡಬೇಕಾದರೆ ಅದನ್ನು ಉಚಿತ ಅನ್ನುವ ಹಾಗಿಲ್ಲ. ಆಫರ್ ಯಾವ ಭಾಷೆಯಲ್ಲಿದೆಯೋ ಅದರ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು ಅಂತಲೂ ಅದರಲ್ಲಿದೆ. ಕನ್ನಡದಲ್ಲಿ ಕರೆದು, ಷರತ್ತನ್ನು ಇಂಗ್ಲಿಷ್‌ನಲ್ಲಿ ಸಣ್ಣಗೆ ಕೊನೆಗೆ ತುರುಕುವ ಅಭ್ಯಾಸ ನಮ್ಮಲ್ಲಿ ಬಹಳ.

ಇನ್ನು ‘ನಮ್ಮ’. ಇವರು ಹಾಕಿದ್ದು ಕೊಲ್ಯಾಬ್ ಪೋಸ್ಟ್. ಅಂದರೆ ಒಂದೇ ಪೋಸ್ಟ್ ಇಬ್ಬರ ಪ್ರೊಫೈಲ್‌ನಲ್ಲೂ ಕಾಣುತ್ತದೆ, ಲೈಕ್ ಮತ್ತು ಕಾಮೆಂಟ್ ಎರಡೂ ಕಡೆಯವು ಒಟ್ಟಿಗೆ ಸೇರುತ್ತವೆ. ಕೋಡುಬಳೆಯವರ ಪುಟದಲ್ಲಿ ಓದಿದವರಿಗೆ “ನಮ್ಮ ಬಯೋ” ಅಂದರೆ ಕೋಡುಬಳೆಯವರ ಬಯೋ. ಅಲ್ಲಿ ಹೋದರೆ ಬರೀ ವಾಟ್ಸ್‌ಆ್ಯಪ್ ಲಿಂಕ್ ಇತ್ತು, ಕಾಂಬೊ ಸುಳಿವೇ ಇರಲಿಲ್ಲ. ಆದ್ದರಿಂದ ಕೊಲ್ಯಾಬ್ ಕ್ಯಾಪ್ಷನ್‌ನಲ್ಲಿ ನಾನು ‘ನಮ್ಮ’, ‘ಇಲ್ಲಿ’ ಎರಡನ್ನೂ ಆರ್ಡರ್ ಹೇಳುವ ಜಾಗದಲ್ಲಿ ಬಳಸುವುದಿಲ್ಲ. ಹ್ಯಾಂಡಲ್ ಹೆಸರನ್ನೇ ಹೇಳುತ್ತೇನೆ. ಕ್ಯಾಪ್ಷನ್‌ನಲ್ಲಿ ವೆಬ್‌ಸೈಟ್ ವಿಳಾಸ ಹಾಕಿದರೂ ಸಾಮಾನ್ಯವಾಗಿ ಒತ್ತಿದರೆ ತೆರೆಯುವುದಿಲ್ಲ, @ ಹ್ಯಾಂಡಲ್ ತೆರೆಯುತ್ತದೆ. ಗ್ರಾಹಕರು ನಡೆಯುವ ದಾರಿ ಅದೇ.

ಹ್ಯಾಂಡಲ್ ಬರೆಯುವಾಗ ಕನ್ನಡದವರಿಗೆ ಒಂದು ತೊಡಕಿದೆ. ನಮ್ಮ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಳ್ಳಬೇಕು. ಹ್ಯಾಂಡಲ್‌ಗೆ ‘ನಲ್ಲಿ’, ‘ಇಂದ’ ಅಂಟಿಸಿದರೆ ಎಲ್ಲಿ ಹೆಸರು ಮುಗಿಯಿತು ಅಂತ ಓದುವವರಿಗೂ ಗೊಂದಲ, ಟ್ಯಾಗ್ ಕೈಕೊಡುವ ಭಯವೂ ಇದೆ. ಹ್ಯಾಂಡಲ್ ಆದ ಮೇಲೆ ಜಾಗ ಬಿಟ್ಟು ‘ಅವರ’, ‘ಅವರಿಗೆ’ ಅಂತ ಹಾಕಿದರೆ ವಾಕ್ಯವೂ ನಿಲ್ಲುತ್ತದೆ, ಟ್ಯಾಗೂ ನಿಲ್ಲುತ್ತದೆ. ಬರೆದಾದ ಮೇಲೆ ಎರಡನ್ನೂ ಒಮ್ಮೆ ಒತ್ತಿ ನೋಡಬೇಕು. ಒಂದು ಅಂಡರ್‌ಸ್ಕೋರ್ ಬಿಟ್ಟುಹೋದರೆ ಟ್ಯಾಗ್ ಯಾರೋ ಅಪರಿಚಿತರಿಗೆ ಹೋಗಿರುತ್ತದೆ.

ಕೊನೆಗೆ ನಿಂತ ಕ್ಯಾಪ್ಷನ್ ಇದು. ನಿಜವಾದ ಹ್ಯಾಂಡಲ್‌ಗಳ ಬದಲು ಸುಮ್ಮನೆ ಎರಡು ಗುರುತು ಇಟ್ಟಿದ್ದೇನೆ.

```
ಅರ್ಧ ಕೆಜಿ ಫಿಲ್ಟರ್ ಕಾಫಿ ಪುಡಿ + 400 ಗ್ರಾಂ ಕೋಡುಬಳೆ:
₹700ರ ಬದಲು ₹599. ಜುಲೈ 20ರ ರಾತ್ರಿ 9ರವರೆಗೆ.

ಕಾಫಿ ಪುಡಿ: @coffee_hesaru
ಕೋಡುಬಳೆ: @kodubale_hesaru

ಆರ್ಡರ್ @coffee_hesaru ಅವರ ಬಯೋ ಲಿಂಕ್‌ನಲ್ಲಿ ಮಾತ್ರ.
ಕೂಪನ್ ಬೇಡ. ಬಿಡಿಯಾಗಿ ಕೊಂಡರೆ ಮಾಮೂಲು ಬೆಲೆ.
ಡೆಲಿವರಿ ಬೇರೆ: ಬೆಂಗಳೂರು ₹40, ಉಳಿದ ಕರ್ನಾಟಕ ₹80.
ಒಟ್ಟು 150 ಕಾಂಬೊ ಇವೆ.
ಕೋಡುಬಳೆ ಪುಡಿಯಾಗಿ ಬಂದರೂ @coffee_hesaru ಅವರಿಗೇ
ಮೆಸೇಜ್ ಮಾಡಿ, ಬದಲಿ ಕಳಿಸುತ್ತಾರೆ.
```

ಮೊದಲ ಎರಡು ಸಾಲಿನಲ್ಲೇ ವಸ್ತು, ಬೆಲೆ, ಗಡುವು ಮುಗಿಸಿದ್ದಕ್ಕೆ ಕಾರಣವಿದೆ. ಫೀಡ್‌ನಲ್ಲಿ ಕಾಣುವುದು ಶುರುವಿನ ಸುಮಾರು 125 ಅಕ್ಷರ, ಉಳಿದದ್ದು ಒತ್ತಿದರೆ ಮಾತ್ರ. ಕಂಪ್ಯೂಟರ್ ಎಣಿಸುವ ಅಕ್ಷರ ನಮ್ಮ ಅಕ್ಷರವಲ್ಲ. ‘ಕ್ಷಿ’ ನಮಗೆ ಒಂದು, ಅದಕ್ಕೆ ನಾಲ್ಕು. ಹಾಗಾಗಿ ಕನ್ನಡದಲ್ಲಿ ಮಳೆಯ ವರ್ಣನೆ ಮಾಡುತ್ತ ಕೂತರೆ ಬೆಲೆ ತೆರೆಯ ಹಿಂದೆ ಹೋಗುತ್ತದೆ. ಮಳೆಯನ್ನು ಫೋಟೊಗೆ ಬಿಟ್ಟೆ.

ಕೊನೆಯ ಸಾಲಿಗೆ ಕೋಡುಬಳೆಯವರು ತಕರಾರು ತೆಗೆದರು. “ಮುರಿಯುತ್ತೆ ಅಂತ ನಾವೇ ಯಾಕೆ ಹೇಳ್ಬೇಕು ಸರ್?” ಅಂದರು. ಕೊರಿಯರ್‌ನಲ್ಲಿ ಕೋಡುಬಳೆ ಮುರಿಯುವುದು ಕೊಂಡವರಿಗೆ ಗೊತ್ತಿರದ ಸಂಗತಿಯೇನಲ್ಲ. ಗೊತ್ತಿಲ್ಲದಿರುವುದು ಯಾರಿಗೆ ಹೇಳಬೇಕು ಅನ್ನುವುದು. ಹಣ ಪಡೆದವರು ಒಬ್ಬರು, ಮಾಡಿದವರು ಇನ್ನೊಬ್ಬರು ಆದಾಗ ದೂರು ಇಬ್ಬರ ಇನ್‌ಬಾಕ್ಸ್ ನಡುವೆ ಅಲೆಯುತ್ತದೆ. ಒಲ್ಲದ ಮನಸ್ಸಿನಿಂದಲೇ ಒಪ್ಪಿದರು.

ನಾನೇ ಎಡವಿದ್ದು ಒಂದಿದೆ. 150 ಕಾಂಬೊ ಗಡುವಿಗೆ ಮೂರು ದಿನ ಮೊದಲೇ ಖಾಲಿಯಾಯಿತು. ಮೊದಲ ಸಾಲಿನಲ್ಲಿ ‘ಮುಗಿದಿದೆ’ ಅಂತ ಸೇರಿಸಬೇಕು. ಕೊಲ್ಯಾಬ್ ಪೋಸ್ಟ್‌ನಲ್ಲಿ ಕ್ಯಾಪ್ಷನ್ ತಿದ್ದಲು ಆಗುವುದು ಮೊದಲು ಹಾಕಿದ ಖಾತೆಯವರಿಗೆ ಮಾತ್ರ, ಆಹ್ವಾನ ಒಪ್ಪಿದವರಿಗೆ ಆಗದು. ಹಾಕಿದ್ದು ಕಾಫಿಯವರು. ಅವರು ಆ ದಿನ ತೋಟದಲ್ಲಿದ್ದರು, ಅಲ್ಲಿ ನೆಟ್‌ವರ್ಕ್ ಇಲ್ಲ. ಸಂಜೆ ಅವರು ಪೇಟೆಗೆ ಇಳಿಯುವವರೆಗೆ ಕೋಡುಬಳೆಯವರು ಒಂದೊಂದೇ ಕಾಮೆಂಟ್‌ಗೆ “ಸಾರಿ, ಖಾಲಿ ಆಯ್ತು” ಅಂತ ಬರೆಯುತ್ತ ಕೂತಿದ್ದರು. ಈಗ ಜಂಟಿ ಪೋಸ್ಟ್ ಯಾರ ಖಾತೆಯಿಂದ ಹೋಗಬೇಕು ಅನ್ನುವಾಗ ಯಾರಿಗೆ ಫಾಲೋವರ್ಸ್ ಜಾಸ್ತಿ ಅಂತ ಆಮೇಲೆ ನೋಡುತ್ತೇನೆ, ಯಾರ ಮನೆಯಲ್ಲಿ ಸಿಗ್ನಲ್ ಇದೆ ಅಂತ ಮೊದಲು ಕೇಳುತ್ತೇನೆ.