ಮೊತ್ತ ತಾಳೆಯಾಯಿತು, ಬೆಲೆ ತಪ್ಪಿತು

“ಹೇಗೆ ಹಂಚಿದರೂ ಮೊತ್ತ ಒಂದೇ ಅಲ್ಲವೇ ಸಾರ್?” ಓವರ್‌ಹೆಡ್, ಅಂದರೆ ಬಾಡಿಗೆ, ಸವಕಳಿಯಂಥ ಪರೋಕ್ಷ ವೆಚ್ಚವನ್ನು ಸರಕುಗಳ ಮೇಲೆ ಹಂಚುವ ದರದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಒಂದೇ, ನಿಜ. ಲೆಕ್ಕ ತಾಳೆಯಾಗುವುದರಿಂದಲೇ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಕಾರ್ಖಾನೆಯ ಯಂತ್ರ ವಿಭಾಗದ ಓವರ್‌ಹೆಡ್ 8 ಲಕ್ಷ ರೂಪಾಯಿ ಎನ್ನಿ. ಅಲ್ಲಿ 4,000 ಯಂತ್ರ ಗಂಟೆ, 2,000 ಕಾರ್ಮಿಕ ಗಂಟೆ. ಜೋಡಣೆ ವಿಭಾಗದ್ದು 2 ಲಕ್ಷ. 8,000 ಕಾರ್ಮಿಕ ಗಂಟೆ. ಇಡೀ ಕಾರ್ಖಾನೆಗೆ ಒಂದೇ ದರವಾದರೆ ಕಾರ್ಮಿಕ ಗಂಟೆಗೆ 100 ರೂಪಾಯಿ. ವಿಭಾಗವಾರು ಆದರೆ ಯಂತ್ರ ಗಂಟೆಗೆ 200, ಜೋಡಣೆಯ ಕಾರ್ಮಿಕ ಗಂಟೆಗೆ 25.

ತಯಾರಾಗುವುದು 500 ವಾಲ್ವ್, 500 ಪ್ಯಾನೆಲ್. ಒಂದು ವಾಲ್ವ್‌ಗೆ 7 ಯಂತ್ರ ಗಂಟೆ ಬೇಕು. ಕಾರ್ಮಿಕರ ಸಮಯ ಯಂತ್ರದ ಬಳಿ 2 ಗಂಟೆ, ಜೋಡಣೆಯಲ್ಲಿ 4. ಪ್ಯಾನೆಲ್‌ಗೆ ಯಂತ್ರ ಒಂದೇ ಗಂಟೆ. ಕಾರ್ಮಿಕರ ಸಮಯ ಅಲ್ಲಿ 2, ಜೋಡಣೆಯಲ್ಲಿ 12. ಒಂದೇ ದರದಲ್ಲಿ ವಾಲ್ವ್ ಹೊರುವ ಓವರ್‌ಹೆಡ್ 600, ಪ್ಯಾನೆಲ್ 1,400. ವಿಭಾಗವಾರು ದರದಲ್ಲಿ ವಾಲ್ವ್ 1,500, ಪ್ಯಾನೆಲ್ 500. ಎರಡೂ ಕಡೆ ಕೂಡಿ ನೋಡಿ: ಒಂದು ಜೋಡಿಗೆ 2,000, ಒಟ್ಟು 10 ಲಕ್ಷ.

ಇದನ್ನು ಕೇಳಿದವರು ತಕ್ಷಣ ಮತ್ತೊಂದು ಕೊನೆಗೆ ಹಾರುತ್ತಾರೆ: ವಿಭಾಗಗಳ ದರ ಬೇರೆ ಬೇರೆಯಾದರೆ ಒಂದೇ ದರ ತಪ್ಪು ಎಂದು. ಅಲ್ಲ. ಎರಡೂ ಸರಕುಗಳು 4 ಯಂತ್ರ ಗಂಟೆ, ಯಂತ್ರದ ಬಳಿ 2 ಕಾರ್ಮಿಕ ಗಂಟೆ, ಜೋಡಣೆಯಲ್ಲಿ 8 ಗಂಟೆ ತೆಗೆದುಕೊಂಡಿದ್ದರೆ? ಒಂದೇ ದರದಲ್ಲಿ 10 ಗಂಟೆಗೆ 1,000. ವಿಭಾಗವಾರು 800 ಮತ್ತು 200, ಅದೂ 1,000. ದರ 200 ಮತ್ತು 25 ಆಗಿಯೇ ಉಳಿದರೂ ವ್ಯತ್ಯಾಸ ಸೊನ್ನೆ. ದರ ಬೇರೆಯಾಗಿರಬೇಕು, ಜೊತೆಗೆ ಸರಕುಗಳು ವಿಭಾಗಗಳನ್ನು ಬಳಸುವ ಪ್ರಮಾಣವೂ ಬೇರೆಯಾಗಿರಬೇಕು. ಎರಡನೆಯದನ್ನು ಯಾರೂ ನೋಡುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಅರ್ಧ ತಿದ್ದುಪಡಿಯೂ ಉಂಟು. ವಿಭಾಗ ಬೇರೆ ಮಾಡಿ, ಯಂತ್ರ ವಿಭಾಗಕ್ಕೂ ಕಾರ್ಮಿಕ ಗಂಟೆಯನ್ನೇ ಇಟ್ಟರೆ ಗಂಟೆಗೆ 400. ಆಗ ವಾಲ್ವ್ 900, ಪ್ಯಾನೆಲ್ 1,100. ಏಳು ಗಂಟೆ ಯಂತ್ರ ತಿನ್ನುವ ಸರಕೇ ಅಗ್ಗ!

ನನ್ನಲ್ಲಿಗೆ ಬರುತ್ತಿದ್ದ ಮಾಲೀಕರೊಬ್ಬರು, ತುಂಬಾ ಒಳ್ಳೆಯ ಮನುಷ್ಯ, ಯಂತ್ರದ ಕೆಲಸ ಹೆಚ್ಚಿರುವ ಆರ್ಡರ್‌ಗಳು ಸಾಲುಗಟ್ಟಿವೆ ಎಂದು ಹಿಗ್ಗುತ್ತಿದ್ದರು. ಜೋಡಣೆಯ ಟೆಂಡರ್‌ಗಳು ಮಾತ್ರ ಒಂದೊಂದಾಗಿ ಕೈತಪ್ಪುತ್ತಿದ್ದವು. ಒಂದೇ ದರ ಹಾಕಿದಾಗ ಯಂತ್ರದ ಕೆಲಸ ಅಗ್ಗವಾಗಿ, ಜೋಡಣೆ ದುಬಾರಿಯಾಗಿ ಕಾಣುವುದರಿಂದ, ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಸಾಮಾನ್ಯವಾಗಿ ನಾನು ಮೊದಲು ದರವನ್ನೇ ತೆಗೆಸಿ ನೋಡುತ್ತೇನೆ. ಹೊಸ ಲೆಕ್ಕ ತೋರಿಸಿದಾಗ ಅವರು ಆ ಆರ್ಡರ್‌ಗಳನ್ನೆಲ್ಲ ರದ್ದು ಮಾಡಲು ಹೊರಟರು. ತಡೆದೆ. ಯಂತ್ರ ವಿಭಾಗದ ಓವರ್‌ಹೆಡ್‌ನಲ್ಲಿ ಸವಕಳಿ, ಬಾಡಿಗೆಯಂಥವು ಸರಕು ನಿಲ್ಲಿಸಿದರೂ ನಿಲ್ಲುವುದಿಲ್ಲ. ಮೊದಲು ಬೆಲೆ ತಿದ್ದಿ, ಸರಕು ಕೈಬಿಡುವ ಲೆಕ್ಕವನ್ನು ಬೇರೆಯೇ ಮಾಡೋಣ ಎಂದೆ.