ಹಿಡಿಕೆಯಲ್ಲಿ ವಾಲ್ಯೂಮ್ ನಿಜವಾಗಿ ಒಣಗಿತ್ತೇ?

ಮಂಡ್ಯದಲ್ಲಿ ಬೆಲ್ಲದ ಮಂಡಿ ನಡೆಸುವ ಯಜಮಾನರೊಬ್ಬರು ಮೈಸೂರಿನ ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಮೊಬೈಲ್ ಇಟ್ಟರು. ಪರದೆಯಲ್ಲಿ ಒಂದು ಷೇರಿನ ದಿನದ ಚಾರ್ಟ್ ಇತ್ತು. "ಸಾರ್, ಕಪ್ಪೂ ಇದೆ, ಹಿಡಿಕೆಯೂ ಇದೆ, ವಾಲ್ಯೂಮ್ ಕೂಡ ಒಣಗಿದೆ. ಇನ್ನೇನು ಬೇಕು?" ಎಂದರು. ಬೆಲೆ ಬಟ್ಟಲಿನಂತೆ ಇಳಿದು ಮತ್ತೆ ಹಳೆಯ ಎತ್ತರದ ಹತ್ತಿರ ಬಂದರೆ ಆ ಆಕಾರವೇ ಕಪ್ಪು, ಅದರ ಬಲತುದಿಯಲ್ಲಿ ಬರುವ ಸಣ್ಣ ಇಳಿತ ಹಿಡಿಕೆ; ಆ ಹಿಡಿಕೆಯಲ್ಲಿ ವಾಲ್ಯೂಮ್, ಅಂದರೆ ಕೈಬದಲಾಗುವ ಷೇರುಗಳ ಸಂಖ್ಯೆ, ತೀರಾ ತಗ್ಗುವುದೇ ಒಣಗುವುದು. ಷೇರಿನ ಹೆಸರು ಇಲ್ಲಿ ಬೇಡ, ಲೆಕ್ಕ ಸಾಕು.

ಷೇರು 260 ರೂಪಾಯಿಯಿಂದ 400ಕ್ಕೆ ಏರಿ, ಅಲ್ಲಿಂದ ನಾಲ್ಕು ತಿಂಗಳಲ್ಲಿ ನಿಧಾನವಾಗಿ 300ಕ್ಕೆ ಇಳಿದು ಮತ್ತೆ 392ಕ್ಕೆ ಬಂದಿತ್ತು. ಕಪ್ಪಿನ ಆಳ 25 ಶೇಕಡಾ. ಈ ವಿನ್ಯಾಸವನ್ನು ಜನಪ್ರಿಯಗೊಳಿಸಿದ ವಿಲಿಯಂ ಓನೀಲ್ ಹಾಕಿಕೊಟ್ಟ ಸಾಮಾನ್ಯ ಮಿತಿ 12ರಿಂದ 33 ಶೇಕಡಾ. ಇಡೀ ಪೇಟೆಯೇ ಕುಸಿದ ಕಾಲದಲ್ಲಿ ಮಾತ್ರ ಇನ್ನೂ ಆಳವಾದ ಕಪ್ಪನ್ನು ಒಪ್ಪಬಹುದು. ಈ ಮಿತಿಗೆ ಕಾರಣವಿದೆ. 25 ಶೇಕಡಾ ಬಿದ್ದ ಷೇರು ಹಳೆಯ ಬೆಲೆ ಮುಟ್ಟಲು 33 ಶೇಕಡಾ ಏರಿದರೆ ಸಾಕು; ಅರ್ಧಕ್ಕೆ ಬಿದ್ದದ್ದು ದುಪ್ಪಟ್ಟಾಗಬೇಕು. ಕಪ್ಪು ಆಳವಾದಷ್ಟೂ ಮೇಲೆ ಕೊಂಡು ಸಿಕ್ಕಿಕೊಂಡು, ಅಸಲು ಬಂದರೆ ಸಾಕೆಂದು ಕಾಯುವವರು ಹೆಚ್ಚು. ಷೇರು ಏರುತ್ತಾ ಬಂದಂತೆ ಅವರೆಲ್ಲ ಒಬ್ಬೊಬ್ಬರಾಗಿ ಮಾರುತ್ತಾರೆ.

ಹಿಡಿಕೆಯೂ ಬೆಲೆಯ ಮಟ್ಟಿಗೆ ಸರಿಯಾಗಿಯೇ ಇತ್ತು. 392ರಿಂದ ಒಂಬತ್ತು ದಿನಗಳಲ್ಲಿ 364ಕ್ಕೆ ಇಳಿದಿತ್ತು, ಅಂದರೆ ಸುಮಾರು 7 ಶೇಕಡಾ. 12 ಶೇಕಡಾ ದಾಟಿದ ಹಿಡಿಕೆಯನ್ನು ನಾನು ಸಾಮಾನ್ಯವಾಗಿ ಕೈಬಿಡುತ್ತೇನೆ. ಕಪ್ಪಿನ ನಡುಮಟ್ಟ 350. ಹಿಡಿಕೆ ಅದಕ್ಕಿಂತ ಮೇಲೆಯೇ ನಿಂತಿತ್ತು. ಯಜಮಾನರ ಕಣ್ಣು ತಪ್ಪಿರಲಿಲ್ಲ.

ತಪ್ಪಿದ್ದು ವಾಲ್ಯೂಮ್‌ನಲ್ಲಿ. ಹಿಡಿಕೆಯ ಒಂಬತ್ತು ದಿನಗಳ ಸರಾಸರಿ ವಹಿವಾಟು 2.7 ಲಕ್ಷ ಷೇರು. ಚಾರ್ಟಿನ 50 ದಿನಗಳ ಸರಾಸರಿ ಗೆರೆ ಹಿಡಿಕೆ ಶುರುವಾಗುವಾಗ 4.14 ಲಕ್ಷದಲ್ಲಿತ್ತು. ಹಿಡಿಕೆಯ ದಿನಗಳ ವಹಿವಾಟು ತೋರಿಸುವ ಎಲ್ಲ ಕಂಬಗಳೂ ಗೆರೆಯ ಕೆಳಗೆ, ನೋಡಲು ಚೆಂದ. ಆದರೆ ಚಾರ್ಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದಾಗ ಒಂದೇ ಒಂದು ಕಂಬ ತೆಂಗಿನ ಮರದಂತೆ ನಿಂತಿತ್ತು: ದೊಡ್ಡ ಹೂಡಿಕೆದಾರರೊಬ್ಬರು ಪಾಲು ಮಾರಿದ ದಿನ, 60 ಲಕ್ಷ ಷೇರು. ಉಳಿದ 49 ದಿನ ಹೆಚ್ಚುಕಡಿಮೆ 3 ಲಕ್ಷದಂತೆ. ಆ ಒಂದು ದಿನವೇ ಗೆರೆಯನ್ನು 3ರಿಂದ 4.14ಕ್ಕೆ ಎತ್ತಿತ್ತು. ಗೆರೆಗೆ ಹೋಲಿಸಿದರೆ ಹಿಡಿಕೆಯ ವಹಿವಾಟು 65 ಶೇಕಡಾ. ಮಾಮೂಲು ದಿನಕ್ಕೆ ಹೋಲಿಸಿದರೆ 90 ಶೇಕಡಾ. ಇದನ್ನು ಒಣಗುವುದು ಎನ್ನಲಾಗದು. ಒಣಗಿದ ಹಿಡಿಕೆಯಲ್ಲಿ ಒಂದೆರಡು ದಿನವಾದರೂ ವಹಿವಾಟು ಮಾಮೂಲಿನ ಅರ್ಧಕ್ಕೆ ಇಳಿಯುವುದನ್ನು ನಾನು ಬಯಸುತ್ತೇನೆ, ಇಲ್ಲಿ 1.5 ಲಕ್ಷದ ಆಸುಪಾಸು. (ದೀಪಾವಳಿಯ ಮುಹೂರ್ತ ವಹಿವಾಟು ಒಂದೇ ಗಂಟೆಯದ್ದು, ಅದರ ಕುಳ್ಳ ಕಂಬವನ್ನು ಒಣಗಿದ ದಿನವೆಂದು ಎಣಿಸಿ ಖುಷಿಪಟ್ಟವರನ್ನೂ ಕಂಡಿದ್ದೇನೆ.)

ಇನ್ನೂ ಒಂದು ಸಂಗತಿ ಇತ್ತು. ಒಂಬತ್ತರಲ್ಲಿ ಐದು ದಿನ ಬೆಲೆ ಇಳಿದಿತ್ತು, ಆ ದಿನಗಳ ಸರಾಸರಿ 3.1 ಲಕ್ಷ. ಏರಿದ ನಾಲ್ಕು ದಿನಗಳದ್ದು 2.2 ಲಕ್ಷ. ಇಳಿಯುವಾಗ ಮಾಲು ಹೆಚ್ಚು, ಏರುವಾಗ ಗಿರಾಕಿ ಕಡಿಮೆ.

"ನಿಮ್ಮ ಮಂಡಿಯಲ್ಲಿ ದರ ನಾಲ್ಕು ರೂಪಾಯಿ ತಗ್ಗಿತು ಎನ್ನಿ," ಎಂದೆ. "ಆ ದರಕ್ಕೆ ಕೊಡುವುದಿಲ್ಲ ಎಂದು ಆಲೆಮನೆಯವರು ಗಾಡಿಯನ್ನೇ ಕಳಿಸದಿದ್ದರೆ?"

"ಮಾಲಿಲ್ಲ ಎಂದು ಗೊತ್ತಾಗುತ್ತದೆ. ದರ ಮೇಲೆಯೇ ಹೋಗಬೇಕು."

"ತಗ್ಗಿದ ದರಕ್ಕೂ ಗಾಡಿ ಬರುತ್ತಲೇ ಇದ್ದರೆ?"

ಅವರು ನಕ್ಕು ಮೊಬೈಲ್ ಜೇಬಿಗೆ ಹಾಕಿಕೊಂಡರು.

ನಕ್ಕರೂ ಕೊಳ್ಳುವುದನ್ನು ಬಿಡಲಿಲ್ಲ. ಮರುವಾರ ಷೇರು 392 ದಾಟಿದಾಗ 395ಕ್ಕೆ ಕೊಂಡರು. ಅಂದಿನ ವಹಿವಾಟು 3.2 ಲಕ್ಷ. ಹೀಗೆ ಹಿಡಿಕೆಯ ಮೇಲ್ತುದಿ ದಾಟುವ ಬ್ರೇಕ್‌ಔಟ್ ದಿನ ವಹಿವಾಟು ಮಾಮೂಲಿಗಿಂತ 40 ಶೇಕಡಾವಾದರೂ ಹೆಚ್ಚಿರಬೇಕು, ಇಲ್ಲಿ 4.2 ಲಕ್ಷ ಬೇಕಿತ್ತು. ಅವರು ನಂಬಿದ್ದ ಎತ್ತರದ ಗೆರೆಯನ್ನೂ ಆ ಕಂಬ ಮುಟ್ಟಿರಲಿಲ್ಲ. 7 ಶೇಕಡಾ ಕೆಳಗೆ, 367ಕ್ಕೆ ಇಳಿದರೆ ಮಾರಿಬಿಡುವ ಸ್ಟಾಪ್‌ಲಾಸ್ ಇಟ್ಟಿದ್ದು ಮಾತ್ರ ಒಳ್ಳೆಯದಾಯಿತು. ಆರನೇ ದಿನ ಅದು ತಗುಲಿತು, ಷೇರು 338ರವರೆಗೆ ಜಾರಿತು. ನಡುಮಟ್ಟ ಮುರಿದ ಮೇಲೆ ಆ ಹಿಡಿಕೆಯ ಕತೆ ಮುಗಿಯಿತು.

ಈಗ ಅವರು ಚಾರ್ಟ್ ಕಳಿಸಿದಾಗಲೆಲ್ಲ ಕೆಳಗೆ ಒಂದು ಸಾಲು ಇರುತ್ತದೆ: "ಎತ್ತರದ ಕಂಬ ತೆಗೆದು ಲೆಕ್ಕ ಹಾಕಿದ್ದೇನೆ, ಸಾರ್." ನಾನು ಮಾಡುವುದೂ ಅಷ್ಟೇ: ಐವತ್ತು ದಿನಗಳ ವಹಿವಾಟನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ನಟ್ಟನಡುವಿನ ಎರಡು ಅಂಕಿಗಳ ಸರಾಸರಿಯನ್ನು ಮಾಮೂಲು ಎಂದು ಹಿಡಿಯುತ್ತೇನೆ.