‘ಚರ್ಚಿಸಿ’ ಎಂದು ಬಂದ ಕಡತ

ಟಿಪ್ಪಣಿ ಹಾಳೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ಪದ ‘ತಿರಸ್ಕರಿಸಿದೆ’ ಅಲ್ಲ, ‘ಚರ್ಚಿಸಿ’.

ನಾನು ವಿಷಯ ನಿರ್ವಾಹಕನಾಗಿದ್ದಾಗಿನ ಒಂದು ಕಡತ. ವಸತಿ ನಿಲಯದ ಬಾಡಿಗೆ ಕಟ್ಟಡದ ಕರಾರು ಮಾರ್ಚ್ 31ಕ್ಕೆ ಮುಗಿದಿತ್ತು. ತಿಂಗಳಿಗೆ 18,000 ಇದ್ದ ಬಾಡಿಗೆಯನ್ನು 26,000ಕ್ಕೆ ಏರಿಸಿ ಎಂದು ಮಾಲೀಕರು ಕೇಳಿದ್ದರು. ಲೋಕೋಪಯೋಗಿ ಇಲಾಖೆಯವರು 22,500 ಎಂದು ಬಾಡಿಗೆ ದೃಢೀಕರಣ ಕೊಟ್ಟರು. ಅದು ಕೈಸೇರಿದಾಗ ಆಗಸ್ಟ್. ನಾನು ಕಂಡಿಕೆ 14ರಲ್ಲಿ ಹೀಗೆ ಬರೆದೆ: ‘22,500ಕ್ಕೆ ಮುಂದುವರಿಸಬಹುದು ಅಥವಾ ಬೇರೆ ಕಟ್ಟಡ ನೋಡಬಹುದು. ಆದೇಶಕ್ಕಾಗಿ ಮಂಡಿಸಿದೆ.’

ನಮ್ಮ ಸಾಹೇಬರು, ಅಂದರೆ ಉಪನಿರ್ದೇಶಕರು, ಅದರ ಕೆಳಗೆ ‘ಚರ್ಚಿಸಿ’ ಎಂದು ಬರೆದು ಕಳಿಸಿದರು. ಹೋಗಿ ಮಾತಾಡಿದೆ. ‘ಮಾಲೀಕರು ಕಾದಿದ್ದಾರೆ, ಏಪ್ರಿಲ್‌ನಿಂದಲೇ ಕೊಟ್ಟುಬಿಡಿ’ ಎಂದರು. ನಾನು ಕಡತ ಮತ್ತೆ ಮಂಡಿಸಿದೆ, ಅವರು ‘ಅನುಮೋದಿಸಿದೆ’ ಎಂದು ಸಹಿ ಹಾಕಿದರು. ಏಪ್ರಿಲ್‌ನಿಂದ ಜುಲೈವರೆಗಿನ ವ್ಯತ್ಯಾಸ, ತಿಂಗಳಿಗೆ 4,500ರಂತೆ, 18,000 ರೂಪಾಯಿ ಪಾವತಿಯಾಯಿತು.

ಲೆಕ್ಕಪರಿಶೋಧನೆಯವರು ಕೇಳಿದ್ದು ಎರಡೇ ಪ್ರಶ್ನೆ. ಕಂಡಿಕೆ 14ರಲ್ಲಿ ಎರಡು ದಾರಿ ಇವೆ, ಅನುಮೋದಿಸಿದ್ದು ಯಾವುದನ್ನು? ಏಪ್ರಿಲ್‌ನಿಂದ ಎಂದು ಹೇಳಿದವರು ಯಾರು? ಕಡತದಲ್ಲಿ ಎರಡಕ್ಕೂ ಉತ್ತರವಿರಲಿಲ್ಲ. ನಿರ್ಧಾರ ಆಗಿದ್ದು ಕೊಠಡಿಯೊಳಗೆ, ಅದು ಹಾಳೆಗೆ ಇಳಿದಿರಲೇ ಇಲ್ಲ.

ಕೊಠಡಿಯಿಂದ ಹೊರಬಂದ ದಿನವೇ ನಾನು ಬರೆಯಬೇಕಿದ್ದದ್ದು ಇಷ್ಟು: ‘ಕಂಡಿಕೆ 15ರ ನಿರ್ದೇಶನದಂತೆ ಇಂದು ಮಾನ್ಯ ಉಪನಿರ್ದೇಶಕರೊಂದಿಗೆ ಚರ್ಚಿಸಲಾಯಿತು. ಹಿಂದಿನ ಕರಾರು ಮುಗಿದ ಮರುದಿನದಿಂದ, ಅಂದರೆ ಏಪ್ರಿಲ್ 1ರಿಂದ, ಮಾಸಿಕ 22,500 ರೂ.ಗೆ (ಪತ್ರ ವ್ಯವಹಾರ ಪುಟ 31) ಕರಾರು ನವೀಕರಿಸಲು ಸೂಚಿಸಿರುತ್ತಾರೆ. ವ್ಯತ್ಯಾಸದ ಮೊತ್ತ 18,000 ರೂ. ಅನುಮೋದನೆಗೆ ಮಂಡಿಸಿದೆ.’ ಇದರ ಕೆಳಗೆ ಬೀಳುವ ‘ಅನುಮೋದಿಸಿದೆ’ಗೆ ಒಂದೇ ಅರ್ಥ. ಹೇಳಿದ್ದು ಹಾಗಲ್ಲ ಎನಿಸಿದರೆ ಸಾಹೇಬರು ಅಲ್ಲೇ ತಿದ್ದಿ ಬರೆಯುತ್ತಾರೆ, ಆ ತಿದ್ದುಪಡಿಯೂ ದಾಖಲೆಯೇ. ದಾರಿ ಎರಡಿದ್ದರೆ (ಅ), (ಆ) ಎಂದು ಗುರುತು ಹಾಕಿ, ಯಾವುದನ್ನು ಶಿಫಾರಸು ಮಾಡುತ್ತೀರೆಂದು ಬರೆಯಿರಿ. ಅಂಕೆ ಬಂದಲ್ಲೆಲ್ಲ ಅದು ಯಾವ ಪುಟದಿಂದ ಬಂತೆಂಬುದೂ ಇರಲಿ.

ಮಾಲೀಕರಿಗೆ ಹೋದ ಪತ್ರದಲ್ಲೂ ನಾನು ಎಡವಿದ್ದೆ. ಉಲ್ಲೇಖದಲ್ಲಿ ಅವರ ಮನವಿ ಮಾತ್ರ ಇತ್ತು, ಲೋಕೋಪಯೋಗಿ ಇಲಾಖೆಯ ಪತ್ರದ ಸಂಖ್ಯೆ, ದಿನಾಂಕ ಇರಲಿಲ್ಲ. ಪತ್ರ ರವಾನೆಯಾದ ಮೇಲೆ ಅದರ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ನಮೂದಿಸಿರಲೂ ಇಲ್ಲ.

ಈಗ ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದಿದೆ. ಅಂತಿಮಗೊಳಿಸಿ ಕಳಿಸಿದ ಹಸಿರು ಟಿಪ್ಪಣಿಯನ್ನು ಆಮೇಲೆ ಯಾರೂ ತಿದ್ದಲಾಗದು, ಯಾರು ಯಾವಾಗ ಕಳಿಸಿದರೆಂಬುದೂ ಉಳಿಯುತ್ತದೆ. ಆದರೆ ಫೋನಿನಲ್ಲಿ ಆದ ಮಾತನ್ನು ಅದು ತಾನಾಗಿ ಬರೆದುಕೊಳ್ಳುವುದಿಲ್ಲ.

ಆಕ್ಷೇಪಣೆ ಬರುವಷ್ಟರಲ್ಲಿ ಆ ಸಾಹೇಬರು ನಿವೃತ್ತರಾಗಿದ್ದರು. ಘಟನೋತ್ತರ ಅನುಮೋದನೆ ಕೋರಿ ಕಡತವನ್ನು ಹೊಸಬರ ಮುಂದಿಟ್ಟೆ. ತಾವು ಕೇಳದ ಮಾತಿಗೆ ಅವರೇಕೆ ಸಹಿ ಹಾಕಿಯಾರು? ಮೂರನೇ ದಿನ ಕಡತ ವಾಪಸು ಬಂತು. ಕೊನೆಯಲ್ಲಿ ಒಂದೇ ಪದ: ‘ಚರ್ಚಿಸಿ’.